ಟೊಮೆಟೊ ಕೊಟ್ಟು ರಾಗಿ ತಂದ ಗೌರಿ

ಎಂಟು ವರ್ಷದ ಮಕ್ಕಳಿಗೆ ಅಭಾವ, ವಿನಿಮಯದ ಲಾಭ ಅಂದ್ರೇನು ಅಂತ ಸಂತೆಯ ಪುಟ್ಟ ಕಥೆಯಲ್ಲಿ ಹೇಳೋದು ಹೇಗೆ?

ಕಥೆಯೊಳಗೆ ದುಡ್ಡು ತರಬೇಡಿ. ತಂದರೆ ಮಕ್ಕಳ ಗಮನ ಲೆಕ್ಕದ ಕಡೆ ಹೋಗುತ್ತೆ.

ಕೋಲಾರದ ಕಡೆಯ ಸಂತೆ. ಗೌರಿಯ ಬುಟ್ಟಿಯಲ್ಲಿ 10 ಕೆಜಿ ಟೊಮೆಟೊ. ಮನೆಗೆ 2 ಕೆಜಿ ಸಾಕು, ಮಿಕ್ಕಿದ್ದು ಮೆತ್ತಗಾಗಿ ನೀರು ಬಿಡುತ್ತೆ. ಪಕ್ಕದ ತಾತನ ಮೂಟೆ ತುಂಬ ರಾಗಿ, ಸಾರು ಮಾಡೋಕೆ ಏನೂ ಇಲ್ಲ.

"ತಾತ, 4 ಕೆಜಿ ತಗೊಂಡು 2 ಸೇರು ರಾಗಿ ಕೊಡ್ತೀಯಾ?"

"ಹಿಡಿಯಮ್ಮಾ."

ಹೊಸದಾಗಿ ಒಂದು ಕಾಳೂ ಬೆಳೆದಿಲ್ಲ. ಆದರೂ ಇಬ್ಬರ ಮನೆಯಲ್ಲೂ ಮುದ್ದೆ, ಸಾರು ಎರಡೂ ಆಯ್ತು.

ಮುಂದಿನ ವಾರ ಆಲಿಕಲ್ಲು ಮಳೆ. ಬುಟ್ಟಿಯಲ್ಲಿ ಮೂರೇ ಕೆಜಿ, ಕೇಳುವವರು ಹತ್ತು ಜನ. ಈಗ ಒಂದೇ ಕೆಜಿಗೆ ತಾತ 2 ಸೇರು ಅಳೆಯುತ್ತಾನೆ.

ಇಲ್ಲಿ ಮಕ್ಕಳು "ತಾತನಿಗೆ ಮೋಸ" ಅಂತಾರೆ. ತಿದ್ದಬೇಡಿ. ತಾತ ಬೇಡ ಅಂತ ಎದ್ದು ಹೋಗಬಹುದಿತ್ತಲ್ಲ, ಯಾಕೆ ಹೋಗಲಿಲ್ಲ ಅಂತ ಕೇಳಿ.