ಕಿತ್ತರೂ ಮತ್ತೆ ಬರುವ ಅಂಗಾಲಿನ ಆಣಿ

ಪ್ರಶ್ನೆ: ನನಗೆ 46 ವರ್ಷ. ಸೀರೆ ಅಂಗಡಿಯಲ್ಲಿ ಕೆಲಸ, ದಿನವಿಡೀ ನಿಂತಿರಬೇಕು. ಬಲ ಅಂಗಾಲಿನಲ್ಲಿ ಎರಡನೇ ಬೆರಳಿನ ಬುಡಕ್ಕೆ ಗಟ್ಟಿ ಗಂಟಾಗಿದೆ, ಹೆಜ್ಜೆ ಇಟ್ಟರೆ ಚುಚ್ಚುತ್ತದೆ. ಎರಡು ಸಲ ಕಾರ್ನ್ ಕ್ಯಾಪ್ ಹಚ್ಚಿದೆ. ಹೋಗಿ ಮತ್ತೆ ಬಂತು. ಬೇರು ಉಳಿದಿದೆ ಅಂತಾರೆ ಕೆಲವರು, ನರುಳ್ಳೆ ಅಂತಾರೆ ಇನ್ನು ಕೆಲವರು. ಶುಗರ್ ಇಲ್ಲ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಅದು ಯಾವುದು ಅಂತ ನೋಡಿಕೊಳ್ಳಿ. ಸ್ನಾನವಾದ ಮೇಲೆ ಒಳ್ಳೆ ಬೆಳಕಿನಲ್ಲಿ ಕೂತು, ಗಂಟನ್ನು ಬೆರಳಿನಿಂದ ನೇರವಾಗಿ ಒತ್ತಿ. ಆಮೇಲೆ ಎರಡೂ ಪಕ್ಕದಿಂದ ಚಿವುಟಿ. ಒತ್ತಿದಾಗ ಜಾಸ್ತಿ ನೋವಾದರೆ ಸಾಮಾನ್ಯವಾಗಿ ಆಣಿ, ಚಿವುಟಿದಾಗ ಜಾಸ್ತಿಯಾದರೆ ನರುಳ್ಳೆ. ಚರ್ಮದ ಗೆರೆಗಳನ್ನೂ ಗಮನಿಸಿ. ಆಣಿಯ ಮೇಲೆ ಗೆರೆಗಳು ಹಾಗೇ ಮುಂದುವರಿಯುತ್ತವೆ, ನಡುವೆ ಮಾತ್ರ ಮಂಜು ಬಣ್ಣದ ಗಟ್ಟಿ ತಿರುಳು ಕಾಣುತ್ತದೆ. ನರುಳ್ಳೆಯ ಅಂಚಿಗೆ ಬಂದು ಗೆರೆಗಳು ನಿಂತುಬಿಡುತ್ತವೆ, ಒಳಗೆ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳಿರುತ್ತವೆ. ಅವು ರಕ್ತ ಹೆಪ್ಪುಗಟ್ಟಿದ ಸಣ್ಣ ನಾಳಗಳು. ನರುಳ್ಳೆಗೆ ಕಾರಣ ವೈರಸ್, ಒಂದರಿಂದ ನಾಲ್ಕಾಗಬಹುದು.

ನೀವು ಹೇಳುವ ಜಾಗ ನೋಡಿದರೆ ಆಣಿ ಅನ್ನಿಸುತ್ತದೆ. ಬೆರಳಿನ ಬುಡದ ಮೂಳೆಯ ತುದಿ ಅಲ್ಲೇ ನೆಲಕ್ಕೆ ಒತ್ತುವುದು. ಆಣಿಗೆ ಬೇರು ಅನ್ನುವುದೇ ಇಲ್ಲ. ಒತ್ತಡಕ್ಕೆ ಚರ್ಮ ದಪ್ಪವಾಗುತ್ತಾ ಹೋಗಿ, ಮೊಳೆಯಂತೆ ಒಳಮುಖವಾಗಿ ಕೂತಿರುತ್ತದೆ, ಅಷ್ಟೇ. ಕಾರ್ನ್ ಕ್ಯಾಪ್ ಆ ಚರ್ಮವನ್ನು ಕರಗಿಸಿತು, ಒತ್ತಡ ಹಾಗೇ ಉಳಿಯಿತು. ಮತ್ತೆ ಬಾರದೆ ಇನ್ನೇನು?

ರಾತ್ರಿ 10 ನಿಮಿಷ ಬಿಸುಪು ನೀರಲ್ಲಿ ಕಾಲಿಟ್ಟು, ಪ್ಯೂಮಿಸ್ ಕಲ್ಲಿನಿಂದ ಮೆಲ್ಲಗೆ ತಿಕ್ಕಿ, ಯೂರಿಯಾ ಇರುವ ಕ್ರೀಮ್ ಹಚ್ಚಿ. ಒಂದೇ ದಿನ ಪೂರ್ತಿ ತೆಗೆಯಲು ಹೋಗಬೇಡಿ. ಬ್ಲೇಡ್ ಅಂತೂ ಮುಟ್ಟಲೇಬೇಡಿ.

ಇನ್ನು ಪ್ಯಾಡ್. ಎಲ್ಲರೂ ಅದನ್ನು ನೋವಿರುವ ಜಾಗದ ಮೇಲೇ ಇಡುತ್ತಾರೆ, ಅಲ್ಲಿ ಒತ್ತಡ ಇನ್ನೂ ಹೆಚ್ಚುತ್ತದೆ. ಒಂದು ಉಪಾಯವಿದೆ. ಆಣಿಗೆ ಸ್ವಲ್ಪ ಲಿಪ್‌ಸ್ಟಿಕ್ ಹಚ್ಚಿ, ಚಪ್ಪಲಿಯೊಳಗೆ ಕಾಲಿಟ್ಟು ನಿಲ್ಲಿ. ಅಟ್ಟೆಯ ಮೇಲೆ ಗುರುತು ಮೂಡುತ್ತದೆ. ಆ ಗುರುತಿಗೆ ತಾಗದಂತೆ, ಅದರ ಹಿಂದೆ ಹಿಮ್ಮಡಿಯ ಕಡೆಗೆ ಮೆಟಟಾರ್ಸಲ್ ಪ್ಯಾಡ್ ಎಂಬ ಪುಟ್ಟ ಮೆತ್ತೆ ಅಂಟಿಸಿ. ಅದು ಮೂಳೆಯ ಹಿಂಭಾಗವನ್ನು ತುಸು ಎತ್ತುವುದರಿಂದ ಭಾರ ಹಂಚಿಹೋಗುತ್ತದೆ. ನಿಂತರೆ ಪಾದದ ಮಧ್ಯದಲ್ಲಿ ಏನೋ ಇದೆ ಅನ್ನಿಸಬೇಕು, ಆದರೆ ನೋಯಬಾರದು. ನೋವು ಜಾಸ್ತಿಯಾದರೆ ಇನ್ನೂ ಸ್ವಲ್ಪ ಹಿಂದಕ್ಕೆ ಸರಿಸಿ.

ಅಟ್ಟೆ ಸವೆದ ಹವಾಯಿ ಚಪ್ಪಲಿ, ಚೂಪು ಮೂತಿಯ ಹೀಲ್ಸ್ ಎರಡೂ ಬೇಡ. ಮುಂಭಾಗ ಅಗಲವಾಗಿ, ಹಿಂದೆ ಪಟ್ಟಿ ಇರುವ, ಎಂಸಿಆರ್ ಎಂಬ ಮೆತ್ತನೆ ರಬ್ಬರಿನ ಚಪ್ಪಲಿ ತೊಡಿ. ಸಂಜೆ ಹೋಗಿ ಕೊಂಡರೆ ಒಳ್ಳೆಯದು, ನಿಂತು ನಿಂತು ಕಾಲು ಆಗ ಸ್ವಲ್ಪ ಊದಿರುತ್ತದೆ. ಮನೆಯ ಟೈಲ್ಸ್ ಮೇಲೂ ಬರಿಗಾಲು ಬೇಡ. ನಾನು ನೋಡುವ ಎಷ್ಟೋ ಜನ ಹೊರಗೆ ಮಾತ್ರ ಜಾಗ್ರತೆ ಮಾಡುತ್ತಾರೆ!

ಒಂದೂವರೆ ತಿಂಗಳಾದರೂ ಕಡಿಮೆಯಾಗದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಒಮ್ಮೊಮ್ಮೆ ಒಳಗೆ ಮುರಿದುಕೊಂಡ ಮುಳ್ಳೂ ಹೀಗೇ ಕಾಣುತ್ತದೆ. ರಕ್ತ, ಕೀವು ಬಂದರೆ ಕಾಯಬೇಡಿ. ಶುಗರ್ ಇರುವವರು, ಪಾದ ಜೋಮು ಹಿಡಿಯುವವರು ಕಾರ್ನ್ ಕ್ಯಾಪ್ ಹಚ್ಚಲೇಬಾರದು. ಅದರ ಆಸಿಡ್ ಪಕ್ಕದ ಚರ್ಮ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.