ಆರು ಫೋನ್‌ಗಳ ಪ್ಯಾರಲಲ್ ಕೋಆರ್ಡಿನೇಟ್ಸ್ ನಕ್ಷೆ: ಗೆರೆಗಳೆಲ್ಲ ನೆಲಕ್ಕೆ ಅಂಟಿದ್ದೇಕೆ?

ಪ್ರಶ್ನೆ: "ಆರು ಫೋನ್‌ಗಳ ಬೆಲೆ, ಬ್ಯಾಟರಿ, ತೂಕ, ರ್‍ಯಾಮ್, ಚಾರ್ಜಿಂಗ್ ವ್ಯಾಟ್ ಇಷ್ಟನ್ನು ಪಟ್ಟಿ ಮಾಡಿ ಪ್ಯಾಂಡಾಸ್‌ನಲ್ಲಿ ಪ್ಯಾರಲಲ್ ಕೋಆರ್ಡಿನೇಟ್ಸ್ ಹಾಕಿದೆ. ಬೆಲೆಯ ಹತ್ತಿರ ಮಾತ್ರ ಗೆರೆಗಳು ಮೇಲಿವೆ, ಉಳಿದ ಕಡೆ ಎಲ್ಲವೂ ನೆಲಕ್ಕೆ ಅಂಟಿಕೊಂಡಿವೆ. ಪಟ್ಟಿಯ ಚಿತ್ರ ಹಾಕಿದ್ದೇನೆ. ತಪ್ಪೆಲ್ಲಿ? ಸರಿಪಡಿಸಿದ ಮೇಲೆ ಅದನ್ನು ನೋಡಿ ಫೋನ್ ಆರಿಸಬಹುದೇ?"

ನಮಸ್ಕಾರ ಸರ್. ನಿಮ್ಮ ಪಟ್ಟಿಯಲ್ಲಿ ದೊಡ್ಡ ತಪ್ಪೇನೂ ಇಲ್ಲ. ಈ ನಕ್ಷೆಯಲ್ಲಿ ಪ್ರತಿ ಗುಣಕ್ಕೂ ಒಂದು ನೆಟ್ಟನೆಯ ಅಕ್ಷ, ಪ್ರತಿ ಫೋನಿಗೂ ಅವುಗಳನ್ನು ದಾಟುವ ಒಂದು ಗೆರೆ. `pandas.plotting.parallel_coordinates` ಎಲ್ಲ ಅಕ್ಷಗಳನ್ನೂ ಒಂದೇ ಅಳತೆಪಟ್ಟಿಯ ಮೇಲೆ ಎಳೆಯುತ್ತದೆ. ಆರನೆಯ ಫೋನಿನ ಬೆಲೆ 74,000 ಆಗಿರುವುದರಿಂದ ಅಳತೆಪಟ್ಟಿ ಅಲ್ಲಿಯವರೆಗೆ ಏರುತ್ತದೆ. ಅದರ ಮುಂದೆ 5000 ಎಂಎಎಚ್ ಬ್ಯಾಟರಿ ನೆಲದಿಂದ ಒಂದಿಷ್ಟೇ ಮೇಲೆ ಕಾಣುತ್ತದೆ, 8 ಜಿಬಿ ರ್‍ಯಾಮ್ ಕಾಣುವುದೇ ಇಲ್ಲ. ಪ್ರತಿ ಅಕ್ಷಕ್ಕೂ ಅದರದೇ ಅಳತೆ ಕೊಡಬೇಕು.

ಅದಕ್ಕೆ ಸಾಮಾನ್ಯವಾಗಿ ಹೇಳುವ ಉಪಾಯವೆಂದರೆ ಪ್ರತಿ ಕಾಲಮ್ಮಿನ ಕನಿಷ್ಠ ಅಂಕಿಯನ್ನು 0, ಗರಿಷ್ಠವನ್ನು 1 ಎಂದು ಬದಲಿಸುವುದು. ನಾನೂ ಮೊದಲು ಹಾಗೆಯೇ ಮಾಡುತ್ತಿದ್ದೆ, ಆದರೆ ಅದರಲ್ಲಿ ಎರಡು ತೊಡಕುಗಳಿವೆ. ನಿಮ್ಮ ಬೆಲೆಗಳು 14, 18, 22, 26, 30 ಸಾವಿರ, ಆಮೇಲೆ ಒಮ್ಮೆಲೇ 74 ಸಾವಿರ. 0–1ಕ್ಕೆ ತಂದಾಗ 30 ಸಾವಿರದ ಫೋನ್ 0.27ರ ಹತ್ತಿರ ಕೂರುತ್ತದೆ, ಅಂದರೆ ನೀವು ನಿಜಕ್ಕೂ ಆರಿಸಬೇಕಾದ ಐದೂ ಫೋನ್‌ಗಳು ಅಕ್ಷದ ಒಂದು ತುದಿಯ ಕಾಲು ಭಾಗದಲ್ಲಿ ಒತ್ತಿಕೊಳ್ಳುತ್ತವೆ. ಕೊಳ್ಳುವ ಉದ್ದೇಶವೇ ಇಲ್ಲದ ಆರನೆಯ ಫೋನನ್ನು ಪಟ್ಟಿಯಿಂದ ತೆಗೆದುಬಿಡಿ. ತೂಕದ ಅಕ್ಷದಲ್ಲಿ ಇದರ ತಿರುಗುಮುರುಗು ನಡೆಯುತ್ತದೆ. ನಿಮ್ಮ ಐದು ಫೋನ್‌ಗಳು 186 ಗ್ರಾಂನಿಂದ 205 ಗ್ರಾಂವರೆಗಿವೆ. ಅಂಗೈಯಲ್ಲಿ ಹಿಡಿದರೆ ಹೆಚ್ಚೇನೂ ಅನ್ನಿಸದ ಆ 19 ಗ್ರಾಂ, ನಕ್ಷೆಯಲ್ಲಿ 16,000 ರೂಪಾಯಿಯ ಅಂತರದಷ್ಟೇ ಎತ್ತರವಾಗಿ ಕಾಣುತ್ತದೆ. ಆದ್ದರಿಂದ ಪ್ರತಿ ಅಕ್ಷದ ಎರಡೂ ತುದಿಗಳನ್ನು ನೀವೇ ತೀರ್ಮಾನಿಸಿ ಕೊಡುವುದು ಒಳ್ಳೆಯದು. ತೂಕಕ್ಕೆ 150ರಿಂದ 250 ಎಂದಿಟ್ಟರೆ ಅದೇ ಅಂತರ ಅಕ್ಷದ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಪ್ಲಾಟ್ಲಿಯಲ್ಲಿ ಹೀಗೆ ಬರೆಯಬಹುದು:

```python
import plotly.graph_objects as go
df = df[df["price"] < 40000]
go.Figure(go.Parcoords(
    line=dict(color=df["ram"]),
    dimensions=[
        dict(label="ಬೆಲೆ", values=df["price"], range=[35000, 10000]),
        dict(label="ಬ್ಯಾಟರಿ", values=df["battery"], range=[4000, 6500]),
        dict(label="ತೂಕ", values=df["weight"], range=[250, 150]),
        dict(label="ರ್‍ಯಾಮ್", values=df["ram"], range=[4, 14]),
    ])).show()
```

ಬೆಲೆ ಮತ್ತು ತೂಕದ `range` ತಿರುಗಿಸಿ ಬರೆದಿರುವುದು ಕಣ್ತಪ್ಪಲ್ಲ. ಅವೆರಡರಲ್ಲೂ ಕಡಿಮೆ ಇದ್ದಷ್ಟು ಒಳ್ಳೆಯದು. ಎಲ್ಲ ಅಕ್ಷಗಳಲ್ಲೂ ಮೇಲೆ ಎಂದರೆ ಒಳ್ಳೆಯದು ಎಂಬ ಅರ್ಥ ಬರುವಂತೆ ಮೊದಲೇ ಜೋಡಿಸಿಕೊಳ್ಳದಿದ್ದರೆ ಓದುವವರು ಪ್ರತಿ ಅಕ್ಷದ ಬಳಿಯೂ ನಿಂತು ಲೆಕ್ಕ ಹಾಕಬೇಕಾಗುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಎರಡು ಅಕ್ಷಗಳ ನಡುವೆ ಗೆರೆಗಳು ಒಂದನ್ನೊಂದು ಕತ್ತರಿಸುತ್ತಿದ್ದರೆ ಆ ಎರಡು ಗುಣಗಳು ಪರಸ್ಪರ ವಿರುದ್ಧ ಎಂದು ಓದುವ ರೂಢಿಯಿದೆ. ಆಲ್ಫ್ರೆಡ್ ಇನ್ಸೆಲ್‌ಬರ್ಗ್ ಈ ನಕ್ಷೆಯ ಗಣಿತವನ್ನು ಬೆಳೆಸಿದ್ದೂ ಇಂಥ ಛೇದಬಿಂದುಗಳ ಜ್ಯಾಮಿತಿಯ ಮೇಲೆಯೇ. ಆದರೆ ಒಂದು ಅಕ್ಷವನ್ನು ತಿರುಗಿಸಿದ ಕೂಡಲೇ ಕತ್ತರಿಸುತ್ತಿದ್ದ ಜೋಡಿ ಕತ್ತರಿಸದ ಜೋಡಿಯಾಗುತ್ತದೆ, ಕತ್ತರಿಸದಿದ್ದುದು ಕತ್ತರಿಸುತ್ತದೆ. ಐದೇ ಫೋನ್ ಇರುವಾಗ ಅಂಥ ಸಂಬಂಧಗಳನ್ನು ಹುಡುಕಲು ಹೋಗಲೇಬೇಡಿ.

ನಿಮ್ಮ ಪಟ್ಟಿಯಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಬ್ಯಾಟರಿ ಮತ್ತು ರ್‍ಯಾಮ್. ಒಂದು, ಎರಡು, ನಾಲ್ಕನೆಯ ಫೋನ್‌ಗಳು ಮೂರೂ 5000 ಎಂಎಎಚ್. ಎರಡು, ಮೂರು, ನಾಲ್ಕನೆಯವು ಮೂರೂ 8 ಜಿಬಿ. ಮೂರು ಗೆರೆಗಳು ಒಂದೇ ಚುಕ್ಕಿಗೆ ಬಂದು ಸೇರಿ ಮತ್ತೆ ಬೇರೆಯಾದಾಗ ಒಳಗೆ ಹೋದ ಗೆರೆ ಯಾವುದು, ಹೊರಬಂದದ್ದು ಯಾವುದು ಎಂದು ಹೇಳಲು ಬರುವುದಿಲ್ಲ. ಈ ಎರಡು ಅಕ್ಷಗಳನ್ನು ಪಕ್ಕಪಕ್ಕ ಇಟ್ಟರಂತೂ ಎರಡನೆಯ ಮತ್ತು ನಾಲ್ಕನೆಯ ಫೋನ್‌ಗಳು ಅಷ್ಟು ಉದ್ದಕ್ಕೂ ಒಂದೇ ಗೆರೆಯಾಗಿಬಿಡುತ್ತವೆ. ಕಂಡುಹಿಡಿಯುವುದು ಸುಲಭ: ಅಕ್ಷಗಳ ನಡುವೆ ಗೆರೆಗಳನ್ನು ಎಣಿಸಿ, ಐದಕ್ಕಿಂತ ಕಡಿಮೆ ಸಿಕ್ಕರೆ ಯಾವುದೋ ಒಂದು ಇನ್ನೊಂದರ ಕೆಳಗೆ ಅಡಗಿದೆ. ಅದಕ್ಕಾಗಿಯೇ ಮೇಲೆ ಅವೆರಡರ ನಡುವೆ ತೂಕದ ಅಕ್ಷವನ್ನು ಇಟ್ಟಿದ್ದೇನೆ. ಬಣ್ಣವನ್ನು ರ್‍ಯಾಮಿಗೆ ಕೊಟ್ಟಿರುವುದರಿಂದ ಬೇಕಾದರೆ ರ್‍ಯಾಮಿನ ಅಕ್ಷವನ್ನೇ ತೆಗೆದುಹಾಕಬಹುದು. ಸಮನಾದ ಅಂಕಿಗಳಿಗೆ ಒಂದಿಷ್ಟು ಹೆಚ್ಚುಕಡಿಮೆ ಸೇರಿಸಿ ಗೆರೆಗಳನ್ನು ಬಿಡಿಸಿ ಎಂದು ಈ ಗುಂಪಿನ ಹಿರಿಯರೊಬ್ಬರು ಹಿಂದೆಯೂ ಹೇಳಿದ್ದರು. ಅವರು ನನಗಿಂತ ಬಲ್ಲವರು, ಆದರೂ ನನಗೆ ಅದು ಒಪ್ಪಿಗೆಯಿಲ್ಲ: 5000 ಇರುವ ಕಡೆ 5040 ಎಂದು ಓದುಗರು ತಿಳಿದುಕೊಂಡರೆ ಆ ತಪ್ಪು ನಮ್ಮದೇ ಆಗುತ್ತದೆ. ಈ ವಾದ ನಮ್ಮಿಬ್ಬರ ನಡುವೆ ಇನ್ನೂ ಮುಗಿದಿಲ್ಲ.

ಮೇಲೆ ಒಬ್ಬ ಸದಸ್ಯರು "ಯಾವ ಗೆರೆ ಒಟ್ಟಾರೆ ಮೇಲಿದೆಯೋ ಅದೇ ಉತ್ತಮ ಫೋನ್" ಎಂದಿದ್ದಾರೆ. ಅರ್ಧ ಸರಿ. "ಒಟ್ಟಾರೆ" ಎಂಬುದು ನೀವು ಅಕ್ಷದ ತುದಿಗಳನ್ನು ಎಲ್ಲಿ ಇಟ್ಟಿರಿ ಎಂಬುದರ ಮೇಲೆ ನಿಂತಿದೆ. ತೂಕದ ತುದಿ ಬದಲಿಸಿದರೆ ಗೆರೆಯ ಸರಾಸರಿ ಎತ್ತರವೂ ಬದಲಾಗುತ್ತದೆ. ಆದರೆ ಒಂದು ಗೆರೆ ಇನ್ನೊಂದಕ್ಕಿಂತ ಪ್ರತಿಯೊಂದು ಅಕ್ಷದಲ್ಲೂ ಮೇಲೆ ಅಥವಾ ಸಮವಾಗಿದ್ದರೆ ಆ ಮಾತು ಬೇರೆ. ನಿಮ್ಮ ಮೂರನೆಯ ಫೋನ್ 22,000 ರೂಪಾಯಿ, 5500 ಎಂಎಎಚ್, 186 ಗ್ರಾಂ, 8 ಜಿಬಿ. ನಾಲ್ಕನೆಯದು 26,000, 5000, 192, 8. ಅಕ್ಷಗಳ ಕ್ರಮವನ್ನು ಹೇಗೆ ಬದಲಿಸಿದರೂ, ಅಳತೆಯನ್ನು ಹೇಗೆ ಹಿಗ್ಗಿಸಿದರೂ, ನಾಲ್ಕನೆಯದರ ಗೆರೆ ಮೂರನೆಯದರ ಮೇಲೆ ಬರುವುದೇ ಇಲ್ಲ, ಆದ್ದರಿಂದ ನಾಲ್ಕನೆಯದನ್ನು ಪಟ್ಟಿಯಿಂದ ಬಿಡಬಹುದು. ಹೀಗಾಗಿ ಕೊಳ್ಳುವವರಿಗೆ ಈ ನಕ್ಷೆಯಿಂದ ಸಿಗುವ ಗಟ್ಟಿ ಮಾತೆಂದರೆ ಇದೊಂದೇ ಎಂದು ನನ್ನ ಅನಿಸಿಕೆ. ಇಳಿಜಾರು, ಕತ್ತರಿ, ಗೆರೆಯ ಆಕಾರ ಇವೆಲ್ಲ ನೀವು ಆರಿಸಿದ ಕ್ರಮದ ಫಲ. ಐದು ಅಕ್ಷಗಳಿಂದ ಹತ್ತು ಜೋಡಿಗಳಾಗುತ್ತವೆ, ಒಂದು ಜೋಡಣೆಯಲ್ಲಿ ಅಕ್ಕಪಕ್ಕ ಕಾಣುವುದು ನಾಲ್ಕು ಜೋಡಿ ಮಾತ್ರ. ಪ್ಲಾಟ್ಲಿಯಲ್ಲಿ ಅಕ್ಷದ ಹೆಸರನ್ನು ಹಿಡಿದು ಎಳೆದು ಸ್ಥಳ ಬದಲಿಸಿ ನೋಡಿ, ಅದೇ ಅಂಕಿಗಳು ಬೇರೆಯದೇ ಕಥೆ ಹೇಳುವಂತೆ ಕಾಣುತ್ತವೆ.

ಅಂಗಡಿಯ 400 ಲ್ಯಾಪ್‌ಟಾಪ್‌ಗಳನ್ನು ಹಾಕಿ "ಕಂಬಳಿ ನೇಯ್ದಂತಾಯಿತು" ಎಂದ ಮೇಡಂ ಅವರಿಗೆ: ಅಷ್ಟನ್ನೂ ಒಟ್ಟಿಗೆ ಓದಲು ಹೊರಡಬೇಡಿ. ಬೆಲೆಯ ಅಕ್ಷದ ಮೇಲೆ ಮೌಸ್ ಒತ್ತಿ ನಿಮಗೆ ಬೇಕಾದಷ್ಟು ಭಾಗವನ್ನು ಎಳೆದು ಗುರುತಿಸಿದರೆ ಅದರ ಹೊರಗಿನ ಗೆರೆಗಳು ಮಸುಕಾಗುತ್ತವೆ. ಆಮೇಲೆ ತೂಕದಲ್ಲೂ ಹಾಗೆಯೇ ಮಾಡಿ, ಹತ್ತು ಹದಿನೈದು ಉಳಿಯುವವರೆಗೆ. ನಿಜ ಹೇಳಬೇಕೆಂದರೆ ಈ ನಕ್ಷೆ ಅವರ ಕೆಲಸಕ್ಕೆ ಹೆಚ್ಚು ಹೊಂದುತ್ತದೆ. ಐದು ಫೋನ್‌ಗಳಿಗೆ ನಾನಾಗಿದ್ದರೆ ಎಕ್ಸೆಲ್‌ನಲ್ಲಿ ಬೆಲೆಯ ಪ್ರಕಾರ ಜೋಡಿಸಿದ ಪಟ್ಟಿಗೆ ಬಣ್ಣ ಹಚ್ಚಿ ಸುಮ್ಮನಾಗುತ್ತಿದ್ದೆ. ಮೂರನೆಯ ಫೋನ್ ತಾವೂ ಬಳಸುತ್ತಿದ್ದು ಕ್ಯಾಮೆರಾ ಚೆನ್ನಾಗಿದೆ ಎಂದು ಬರೆದ ಸರ್, ಕೇಳಿದ್ದು ಅದಲ್ಲ. ಪಟ್ಟಿಯಲ್ಲಿ ಕ್ಯಾಮೆರಾ ಕಾಲಮ್ಮೇ ಇಲ್ಲ.

ಕೊನೆಯದಾಗಿ ಚಾರ್ಜಿಂಗ್ ಕಾಲಮ್. ನಾಲ್ಕನೆಯ ಫೋನಿಗೆ ನೀವು 0 ವ್ಯಾಟ್ ಎಂದು ಹಾಕಿದ್ದೀರಿ. ಮಾಹಿತಿ ಸಿಗಲಿಲ್ಲವೆಂದು ಹಾಗೆ ತುಂಬಿದ್ದಿರಬೇಕು. ನಕ್ಷೆ ಅದನ್ನು ನಿಜವಾದ ಸೊನ್ನೆಯೆಂದೇ ನಂಬಿ ಗೆರೆಯನ್ನು ತಳಕ್ಕೆ ಎಳೆದು, ಉಳಿದ ನಾಲ್ಕು ಫೋನ್‌ಗಳನ್ನು ಮೇಲಕ್ಕೆ ಒತ್ತುತ್ತದೆ. ಹಾಗಾಗಿ ಮೇಲಿನ ಕೋಡಿನಲ್ಲಿ ಆ ಅಕ್ಷವನ್ನು ಸೇರಿಸಿಲ್ಲ. ಪೆಟ್ಟಿಗೆಯ ಮೇಲೆ ಬರೆದಿರುವ ಅಂಕಿಯನ್ನು ನೋಡಿ ತುಂಬಿ. ಅದು ಮೂರನೆಯದಕ್ಕಿಂತ ಹೆಚ್ಚಾಗಿದ್ದರೆ, ನಾಲ್ಕನೆಯ ಫೋನನ್ನು ಪಟ್ಟಿಯಿಂದ ಬಿಡಬಹುದೆಂದು ನಾನು ಮೇಲೆ ಸೂಚಿಸಿದ ಮಾತು ನಿಲ್ಲುವುದಿಲ್ಲ.