ನಿಲ್ಲಿಸಿದ್ದು ಬೇರೆ ಮಾತ್ರೆ, ಬೀಳಿಸಿದ್ದು ಬೇರೆ

ಎಂಬತ್ತು ದಾಟಿದವರ ಮನೆಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಬಿಪಿ ಮಾತ್ರೆ ತಗೊಂಡು ತಲೆಸುತ್ತಿ ಬೀಳ್ತಾರೆ, ನಿಲ್ಲಿಸಿಬಿಡೋಣ್ವಾ?" ಈ ಮನೆಯವರು ಕೇಳುವ ಮೊದಲೇ ನಿಲ್ಲಿಸಿದ್ದರು. ಅಜ್ಜನಿಗೆ 86. ಒಂದೇ ತಿಂಗಳಲ್ಲಿ ಎರಡು ಸಲ ಬಿದ್ದಿದ್ದರು. ಬಿಪಿ ಮಾತ್ರೆ ಅಮ್ಲೋಡಿಪಿನ್ 5 ಮಿ.ಗ್ರಾಂ ಬಿಟ್ಟು ಮೂರು ವಾರವಾಗಿತ್ತು. ಕೂತಾಗ ಬಿಪಿ 182/70. ಮೇಲಿನದು ಮಾತ್ರ ಏರಿ ಕೆಳಗಿನದು ಇಳಿದಿರುವುದು ರಕ್ತನಾಳಗಳು ಬಿರುಸಾದ ವಯಸ್ಸಿನ ಲಕ್ಷಣ. "ಕೆಳಗಿನದು ಸರಿ ಇದೆಯಲ್ಲ" ಎಂದು ಸಮಾಧಾನ ಪಡುವಂತಿಲ್ಲ.

ಆ ಮಾತ್ರೆ ಮತ್ತೆ ಬೇಡವೆಂದು ಮಗ ಹಟ ಹಿಡಿದಿದ್ದರು. ದಾರಿ ತೋರಿಸಿದ್ದು ಸೊಸೆಯ ಮಾತು: "ಮಾವ ಬಿದ್ದಿದ್ದು ಎರಡೂ ಸಲ ರಾತ್ರಿ ಎದ್ದಾಗ. ಎರಡನೇ ಸಲ ಬಿಪಿ ಮಾತ್ರೆ ಬಿಟ್ಟು ವಾರ ಆಗಿತ್ತು."

ಅಲ್ಲೇ ಅಜ್ಜನನ್ನು ಐದು ನಿಮಿಷ ಮಲಗಿಸಿ ನೋಡಿದರೆ ಮೇಲಿನದು 184. ನಿಂತ ಒಂದು ನಿಮಿಷಕ್ಕೆ 150, ಅವರ ಕೈ ಮೇಜಿನ ಅಂಚು ಹಿಡಿದಿತ್ತು. ಮೂರನೇ ನಿಮಿಷಕ್ಕೆ 154. ನಿಂತ ಮೂರು ನಿಮಿಷದೊಳಗೆ 20 ಇಳಿದರೇ ಎಚ್ಚರ ಬೇಕು. ಇಲ್ಲಿ 34 ಇಳಿದಿತ್ತು, ಅದೂ ಬಿಪಿ ಮಾತ್ರೆ ಇಲ್ಲದೆ. ಮಾತ್ರೆಗಳ ಡಬ್ಬಿ ಸುರಿದಾಗ ಸಿಕ್ಕಿದ್ದು ಪ್ರಾಸೋಸಿನ್ 5 ಮಿ.ಗ್ರಾಂ, ರಾತ್ರಿ ಒಂದು. ಪ್ರಾಸ್ಟೇಟ್ ತೊಂದರೆಗೆ ಕೊಟ್ಟದ್ದು. "ಅದು ಮೂತ್ರದ್ದು" ಎಂದು ಮುಂದುವರಿಸಿದ್ದರು. ಅದು ರಕ್ತನಾಳಗಳನ್ನೂ ಸಡಿಲಿಸುತ್ತದೆ. ಎದ್ದಾಗ ಅವು ಬಿಗಿದುಕೊಳ್ಳದೆ ರಕ್ತ ಕಾಲಿಗಿಳಿಯುತ್ತದೆ.

ಸಲಹೆ ಹೀಗಿತ್ತು: ನೀವಾಗಿ ಯಾವುದನ್ನೂ ಬಿಡಬೇಡಿ, ಸೇರಿಸಬೇಡಿ, ಈ ಅಂಕಿಗಳನ್ನೂ ಎಲ್ಲ ಮಾತ್ರೆಗಳನ್ನೂ ನಾಳೆಯೇ ವೈದ್ಯರಿಗೆ ತೋರಿಸಿ. ಹಾಸಿಗೆ ಪಕ್ಕ ಯೂರಿನಲ್ ಇಡಿ. ಏಳುವಾಗ ಅಂಚಿನಲ್ಲಿ ಎರಡು ನಿಮಿಷ ಕೂತು ಪಾದ ಆಡಿಸಲಿ.

ಮಗನಿಗೆ ಇದು ಹಿಡಿಸಲಿಲ್ಲ, ಬಿದ್ದು ಸೊಂಟ ಮುರಿದರೆ ಯಾರು ಹೊಣೆ ಎಂದರು. ನ್ಯಾಯವಾದ ಪ್ರಶ್ನೆಯೇ. ಆದರೆ 182ಕ್ಕೆ ಬಿಟ್ಟರೆ ಪಾರ್ಶ್ವವಾಯುವಿನ ಹೊಣೆಯೂ ಇದೆ. 2008ರಲ್ಲಿ ಪ್ರಕಟವಾದ ಹೈವೆಟ್ ಅಧ್ಯಯನದಲ್ಲಿ 80 ದಾಟಿದವರಿಗೆ 150/80ರ ಗುರಿಯಿಟ್ಟು ಚಿಕಿತ್ಸೆ ಕೊಟ್ಟಾಗ ಸಾವು, ಹೃದಯ ವೈಫಲ್ಯ ಎರಡೂ ಕಡಿಮೆಯಾದವು, ಪಾರ್ಶ್ವವಾಯುವಿನ ಸಾವೂ ಇಳಿಯಿತು. ಒಂದು ಮಾತು ಮರೆಯಬಾರದು: ನಿಂತಾಗ 140ಕ್ಕಿಂತ ಕೆಳಗಿಳಿಯುವವರನ್ನೂ ಮರೆಗುಳಿ ಕಾಯಿಲೆಯವರನ್ನೂ ಅದರಲ್ಲಿ ಸೇರಿಸಿರಲಿಲ್ಲ. ಹಾಸಿಗೆ ಹಿಡಿದವರಿಗೆ ಇದೇ ಸಲಹೆ ಕೊಡಲಾಗದು.

ವೈದ್ಯರು ಪ್ರಾಸೋಸಿನ್ ತೆಗೆದು, ಬಿಪಿಯನ್ನು ಅಷ್ಟು ಇಳಿಸದ ಟ್ಯಾಮ್ಸುಲೋಸಿನ್ ಕೊಟ್ಟರು. ಹತ್ತು ದಿನಕ್ಕೆ ಮಲಗಿ 180, ನಿಂತು 168. ಆಮೇಲೆ ಅಮ್ಲೋಡಿಪಿನ್ 2.5 ಮಾತ್ರ, ಬೆಳಿಗ್ಗೆ. ನಾಲ್ಕು ವಾರಕ್ಕೆ ಕೂತು 156, ನಿಂತು 144. ಮಗ ಈಗ "130ಕ್ಕೆ ತರಬಾರದಾ?" ಎನ್ನುತ್ತಾರೆ. ವೈದ್ಯರು ಸದ್ಯಕ್ಕೆ ಅಲ್ಲಿಗೇ ಬಿಟ್ಟಿದ್ದಾರೆ; ಅವರು ನೋಡುತ್ತಿರುವುದು ನಿಂತಾಗಿನ 144ನ್ನು.